ಸೊಸೈಟಿ ಸಭೆಗೊಂದು, ರೀಲ್ಸ್‌ಗೊಂದು: ಮಾತಿನ ಮೊದಲ ಸಾಲು ಆರಿಸುವುದು ಹೇಗೆ?

ಮೇ ತಿಂಗಳು ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಭೆಗಳು ಶುರುವಾಗುತ್ತವೆ. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಮದ್ದು ಹೊಡೆಯಬೇಕು. ಹೇಗೆ ಹೊಡೆಯಬೇಕು, ಯಾವಾಗ ಹೊಡೆಯಬೇಕು ಎಂದು ಹೇಳಲು ಮೊದಲೆಲ್ಲ ಇಲಾಖೆಯವರು ಬರುತ್ತಿದ್ದರು. ಈಗ ಮೈಕು ಊರಿನವರ ಕೈಗೂ ಬಂದಿದೆ. ಅನುಭವ ಇರುವ ಬೆಳೆಗಾರರನ್ನೇ ಎಬ್ಬಿಸಿ ನಿಲ್ಲಿಸುತ್ತಾರೆ. ಸ್ವಸಹಾಯ ಸಂಘದ ಹೆಂಗಸರು ಮಾತಾಡುತ್ತಾರೆ. ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬಂದ ಹುಡುಗರು ಫೋನಿನಲ್ಲಿ ರೀಲ್ಸ್ ಮಾಡುತ್ತಾರೆ.

ಇವರಿಗೆಲ್ಲ ಸಿಗುವ ಸಲಹೆ ಒಂದೇ: "ಶುರುವಿನಲ್ಲಿ ಒಳ್ಳೇ ಹುಕ್ ಹಾಕಿ." ಪ್ರಶ್ನೆ ಕೇಳಿ, ಇಲ್ಲವೇ ಜೋರಾಗಿ ಒಂದು ಮಾತು ಹೇಳಿ, ಇಲ್ಲವೇ ಕಥೆ ಹೇಳಿ ಎನ್ನುತ್ತಾರೆ. ಯಾವುದನ್ನು ಯಾರ ಮುಂದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಇಲ್ಲಿ ಒಂದೇ ವಿಷಯ ಇಟ್ಟುಕೊಂಡು ನೋಡೋಣ.

## ಹುಕ್ ಅಂದರೆ ಏನು?

ಮಾತು ಅಥವಾ ಬರಹ ಶುರುವಾದ ಕೂಡಲೇ ಕೇಳುವವರು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡುತ್ತಾರೆ. ಇದನ್ನು ಮುಂದೆ ಕೇಳಬೇಕಾ, ಸಾಕಾ? ಆ ತೀರ್ಮಾನ "ಕೇಳೋಣ" ಎಂದಾಗುವಂತೆ ಮಾಡುವ ಮೊದಲ ಒಂದೆರಡು ವಾಕ್ಯವೇ ಹುಕ್. ಸಭೆಯಲ್ಲಿ ಇದಕ್ಕೆ ಅರ್ಧ ನಿಮಿಷ ಸಿಗಬಹುದು. ರೀಲ್ಸ್‌ನಲ್ಲಿ ಎರಡು ಮೂರು ಸೆಕೆಂಡೂ ಕಷ್ಟ.

ಮೂರು ಬಗೆಯೂ ನಮಗೆ ಹೊಸತಲ್ಲ. ಸಂಜೆ ಜಗುಲಿಗೆ ಮೂವರು ಬರುತ್ತಾರೆ ಎಂದುಕೊಳ್ಳಿ. ಒಬ್ಬರು ಕೂರುವ ಮೊದಲೇ "ನಿಮ್ಮ ಬಾವೀಲಿ ನೀರು ಎಷ್ಟಿದೆ ಈಗ?" ಎಂದು ಕೇಳುತ್ತಾರೆ. ಇನ್ನೊಬ್ಬರು "ಈ ವರ್ಷ ಕಾಳುಮೆಣಸು ಹಿಡಿದಿಟ್ಟವ ಸೋತ ಅಂತಲೇ ಲೆಕ್ಕ" ಎಂದು ಹೇಳಿಯೇ ಕೂರುತ್ತಾರೆ. ಮೂರನೆಯವರು ಕವಳದ ಬಟ್ಟಲು ಹತ್ತಿರ ಎಳೆದುಕೊಂಡು, "ನಿನ್ನೆ ರಾತ್ರಿ ನಾಯಿ ಒಂದೇ ಸಮ ಬೊಗಳ್ತಿತ್ತು. ಬ್ಯಾಟರಿ ಹಿಡಕೊಂಡು ಹೋಗಿ ನೋಡಿದರೆ..." ಎಂದು ನಿಲ್ಲಿಸುತ್ತಾರೆ.

ಮೊದಲನೆಯದು ಪ್ರಶ್ನೆ, ಎರಡನೆಯದು ದಿಟ್ಟ ಮಾತು, ಮೂರನೆಯದು ಕಥೆ. ಮೂರೂ ನಮ್ಮ ಗಮನ ಎಳೆಯುತ್ತವೆ, ಆದರೆ ಒಂದೊಂದೂ ನಮ್ಮಿಂದ ಬೇರೆ ಬೇರೆ ಕೆಲಸ ಮಾಡಿಸುತ್ತದೆ. ಪ್ರಶ್ನೆ ಕೇಳಿದಾಗ ನಾವು ಉತ್ತರ ಹುಡುಕುತ್ತೇವೆ. ದಿಟ್ಟ ಮಾತು ಕೇಳಿದಾಗ ಹೌದೋ ಅಲ್ಲವೋ ಎಂದು ತೂಗುತ್ತೇವೆ. ಕಥೆ ಕೇಳಿದಾಗ ಮುಂದೇನಾಯಿತು ಎಂದು ಕಾಯುತ್ತೇವೆ. ಹಾಗಾಗಿ ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು. ಎದುರು ಕೂತವರು ಈ ಮೂರರಲ್ಲಿ ಯಾವ ಕೆಲಸ ಮಾಡಲು ತಯಾರಿದ್ದಾರೆ?

## ಕೇಳುವವರ ಬಗ್ಗೆ ತಿಳಿಯಬೇಕಾದ ಎರಡು ಸಂಗತಿ

ಅನೇಕರು ವಯಸ್ಸು ನೋಡಿ ಹುಕ್ ಆರಿಸುತ್ತಾರೆ. ಹಿರಿಯರಿಗೆ ಕಥೆ, ಹುಡುಗರಿಗೆ ಪ್ರಶ್ನೆ ಎಂಬ ಹಾಗೆ. ಇದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ವಯಸ್ಸಿಗಿಂತ ಮುಖ್ಯವಾದವು ಎರಡಿವೆ.

ಒಂದು, ಈ ವಿಷಯ ಅವರಿಗೆ ಈಗಾಗಲೇ ಎಷ್ಟು ಗೊತ್ತು? ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1994ರಲ್ಲಿ ಕುತೂಹಲದ ಬಗ್ಗೆ ಒಂದು ಪ್ರಬಂಧ ಬರೆದರು. ಅವರ ಮಾತಿನ ತಿರುಳು ಇದು: ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಎನ್ನಿಸುವುದಕ್ಕೂ ನಡುವೆ ಒಂದು ಖಾಲಿ ಜಾಗ ಕಂಡಾಗ ಕುತೂಹಲ ಹುಟ್ಟುತ್ತದೆ. ಇದರಲ್ಲೇ ಇನ್ನೊಂದು ಮಾತೂ ಅಡಗಿದೆ. ಏನೂ ಗೊತ್ತಿಲ್ಲದವರಿಗೆ ಆ ಖಾಲಿ ಜಾಗ ಕಾಣುವುದೇ ಇಲ್ಲ. ಎಲ್ಲ ಗೊತ್ತು ಎಂದುಕೊಂಡವರಿಗೂ ಕಾಣುವುದಿಲ್ಲ.

ಎರಡು, ನೀವು ಕೊನೆಗೆ ಕೇಳಲಿರುವ ಕೆಲಸಕ್ಕೆ ಅವರ ಮನಸ್ಸು ಒಪ್ಪಿದೆಯೋ, ಇಲ್ಲವೋ? ಒಪ್ಪಿದವರಿಗೆ ನೇರ ಮಾತು ಸಾಕು. ಒಪ್ಪದವರಿಗೆ ನೇರ ಮಾತು ಹೇಳಿದರೆ ಅದನ್ನು ಕೇಳುವ ಬದಲು ಉತ್ತರ ಕೊಡಲು ಸಜ್ಜಾಗುತ್ತಾರೆ.

ಸಮಯವೂ ಲೆಕ್ಕಕ್ಕಿದೆ. ಅದು ಹುಕ್ ಎಷ್ಟು ಉದ್ದ ಇರಬೇಕು ಎನ್ನುವುದನ್ನು ಹೇಳುತ್ತದೆ ಅಷ್ಟೇ. ಯಾವ ಬಗೆ ಎನ್ನುವುದನ್ನು ಮೇಲಿನ ಎರಡೇ ಹೇಳಬೇಕು.

## ನಾವು ಹಿಡಿಯುವ ವಿಷಯ: ದ್ರಾವಣಕ್ಕೆ ಕತ್ತಿ ಅದ್ದಿ ನೋಡಿ

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆ ಕಾಯಿ ಕೊಳೆತು ಉದುರುತ್ತದೆ. ತಡೆಯಲು ಹೊಡೆಯುವುದು ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, 50 ಲೀಟರ್ ನೀರಿನಲ್ಲಿ ಕರಗಿಸುತ್ತಾರೆ. ಇನ್ನೊಂದು ಪಾತ್ರೆಯಲ್ಲಿ ಒಂದು ಕೆಜಿ ಸುಣ್ಣವನ್ನು 50 ಲೀಟರ್ ನೀರಿಗೆ ಕಲಸುತ್ತಾರೆ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಸುರಿಯುತ್ತ, ತಿರುವುತ್ತ ಇರಬೇಕು. ಇದು ಶೇಕಡಾ 1ರ ದ್ರಾವಣ. ಮಳೆಗೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವುದು ರೂಢಿ.

ಎಡವಟ್ಟು ಆಗುವುದು ಸುಣ್ಣದಲ್ಲಿ. ಗಾಳಿಗೆ ತೆರೆದಿಟ್ಟ ಹಳೇ ಸುಣ್ಣಕ್ಕೆ ಶಕ್ತಿ ಕಡಿಮೆ. ಆಗ ತೂಕ ಸಮ ಇದ್ದರೂ ದ್ರಾವಣ ಹುಳಿಯಾಗಿ ಉಳಿಯುತ್ತದೆ. ಹುಳಿ ದ್ರಾವಣ ಎಳೆ ಕಾಯನ್ನು ಸುಡುತ್ತದೆ. ಇದನ್ನು ಪತ್ತೆ ಮಾಡಲು ಹಳೇ ಉಪಾಯ ಒಂದಿದೆ. ಚೆನ್ನಾಗಿ ಮಸೆದು ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿಡಬೇಕು. ಹೊರತೆಗೆದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಬಿಟ್ಟುಕೊಂಡಿದೆ, ಅಂದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಬೇಕು.

ನಾವು ಹೇಳಬೇಕಾದ ಸಂದೇಶ ಇಷ್ಟೇ: ಹೊಡೆಯುವ ಮೊದಲು ಕತ್ತಿ ಅದ್ದಿ ನೋಡಿ. ಇದನ್ನು ಬೇರೆ ಬೇರೆ ಜನರ ಮುಂದೆ ಹೇಗೆ ಶುರು ಮಾಡುವುದು?

## ಶಿರಸಿಯ ಸೊಸೈಟಿ ಸಭೆ: ದಿಟ್ಟ ಮಾತು, ಆದರೆ ಅಳತೆ ಮಾಡಿದ್ದು

ಎದುರಿಗೆ ಬೆಳೆಗಾರರು. ಹೆಚ್ಚಿನವರು ಮೀಸೆ ಬರುವ ಮೊದಲೇ ಮದ್ದು ಕಲಸಿದವರು. ವಿಷಯ ಪೂರ್ತಿ ಗೊತ್ತು. ಹೊಸ ಕೆಲಸ ಒಂದನ್ನು ಸೇರಿಸಿಕೊಳ್ಳಲು ಅಂಥ ಉತ್ಸಾಹವೂ ಇಲ್ಲ.

ಇಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವುದು ಹೀಗೆ: "ಕೊಳೆರೋಗ ಏಕೆ ಬರುತ್ತದೆ ಗೊತ್ತೇ?" ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನೇ ಕೇಳಿದರೆ ಅದು ಪರೀಕ್ಷೆಯಂತೆ ಕೇಳಿಸುತ್ತದೆ. ಪರೀಕ್ಷೆ ಮಾಡುವ ಹಕ್ಕು ಇವನಿಗೆ ಯಾರು ಕೊಟ್ಟರು ಎಂದು ಹಿರಿಯರಿಗೆ ಅನಿಸುತ್ತದೆ. ಮಾತಾಡುವವರು ಹುಡುಗರಾಗಿದ್ದರಂತೂ ಕೇಳುವುದೇ ಬೇಡ.

ಕಥೆಯೂ ಇಲ್ಲಿ ಸ್ವಲ್ಪ ಕಷ್ಟ. ಗೊತ್ತಿರುವ ವಿಷಯಕ್ಕೆ ಕಥೆಯ ಮೂಲಕ ಬಳಸಿಕೊಂಡು ಬಂದರೆ "ವಿಷಯ ಹೇಳು ಮಾರಾಯ" ಎಂಬ ಗೊಣಗು ಹಿಂದಿನ ಸಾಲಿನಿಂದ ಬರುತ್ತದೆ.

ಉಳಿದದ್ದು ದಿಟ್ಟ ಮಾತು. ಪೂರ್ತಿ ತಿಳಿದವರಿಗೆ ಇದು ಹೊಂದುತ್ತದೆ, ಏಕೆಂದರೆ ತೂಗಿ ನೋಡಲು ಬೇಕಾದ ಸರಕು ಅವರ ಹತ್ತಿರವೇ ಇದೆ. ಆದರೆ ಎರಡು ರೀತಿಯಲ್ಲಿ ಹೇಳಬಹುದು. ಹೋಲಿಸಿ ನೋಡಿ.

"ನೀವು ಕಲಸುವ ಬೋರ್ಡೋ ದ್ರಾವಣ ಸರಿ ಇಲ್ಲ."

"ಮೈಲುತುತ್ತ, ಸುಣ್ಣ ಸಮ ತೂಗಿ ಹಾಕಿದರೂ ದ್ರಾವಣ ಹುಳಿಯಾಗಿ ಉಳಿಯಬಹುದು. ಈಗ ಇಲ್ಲೇ, ಈ ಬಕೆಟ್ಟಿನಲ್ಲಿ ತೋರಿಸುತ್ತೇನೆ."

ಮೊದಲನೆಯದು ಮನುಷ್ಯರ ಮೇಲೆ ಆರೋಪ. ಎದುರಿನವರು ದ್ರಾವಣವನ್ನು ಬಿಟ್ಟು ತಮ್ಮ ಮರ್ಯಾದೆ ಕಾಯಲು ನಿಲ್ಲುತ್ತಾರೆ. ಎರಡನೆಯದು ವಸ್ತುವಿನ ಬಗ್ಗೆ. ಅದನ್ನು ಒಪ್ಪಿದರೆ ಯಾರ ಮಾನವೂ ಹೋಗುವುದಿಲ್ಲ. ತಪ್ಪು ಸುಣ್ಣದ್ದು, ಹೆಗಡೇರದ್ದಲ್ಲ! ಜೊತೆಗೆ "ಸಮ ತೂಗಿ ಹಾಕಿದರೂ" ಎಂಬ ತುಂಡು ನೋಡಿ. ನೀವು ಲೆಕ್ಕ ಸರಿಯಾಗಿಯೇ ಮಾಡುತ್ತೀರಿ ಎಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಅವರಿಗೆ ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ನಡುವಿನ ಜಾಗ ಈಗ ಕಾಣುತ್ತದೆ.

ದಿಟ್ಟ ಮಾತಿಗೆ ಒಂದು ಶರತ್ತಿದೆ. ಮಾತು ಎಷ್ಟು ದೊಡ್ಡದೋ ಪುರಾವೆಯೂ ಅಷ್ಟೇ ದೊಡ್ಡದಿರಬೇಕು, ಮತ್ತು ಬೇಗ ಬರಬೇಕು. "ಕೊಳೆರೋಗವನ್ನೇ ಇಲ್ಲವಾಗಿಸುವ ಉಪಾಯ" ಎಂದು ಶುರು ಮಾಡಿ ಕತ್ತಿ ತೋರಿಸಿದರೆ ನಗುತ್ತಾರೆ. ಕತ್ತಿ ಹೇಳುವುದು ದ್ರಾವಣ ಹುಳಿಯೋ ಅಲ್ಲವೋ ಎಂದಷ್ಟೇ. ಬಿಡದೆ ಸುರಿಯುವ ಜುಲೈ ಮಳೆಯಲ್ಲಿ ರೋಗ ಬರುವುದಿಲ್ಲ ಎಂಬ ಭರವಸೆ ಅದು ಕೊಡುವುದಿಲ್ಲ. ಆದ್ದರಿಂದ ವಾಕ್ಯ ಬರೆಯುವ ಮೊದಲು ಪುರಾವೆ ಏನಿದೆ ಎಂದು ನೋಡಿ, ಮಾತನ್ನು ಅದರ ಅಳತೆಗೆ ಕತ್ತರಿಸಬೇಕು.

ಪುರಾವೆ ಬೇಗ ಬರಬೇಕು ಎಂದೆನಲ್ಲ, ಅದಕ್ಕೆ ತಯಾರಿಯೂ ಬೇಕು. ಎರಡು ಬಕೆಟ್ ದ್ರಾವಣ ಮೊದಲೇ ಕಲಸಿಟ್ಟುಕೊಳ್ಳಬೇಕು, ಒಂದು ಹೊಸ ಸುಣ್ಣದ್ದು, ಇನ್ನೊಂದು ಬೇಕೆಂದೇ ಸುಣ್ಣ ಕಡಿಮೆ ಹಾಕಿದ್ದು. ಬಕೆಟ್ ಪ್ಲಾಸ್ಟಿಕ್‌ದೇ ಆಗಬೇಕು, ತಗಡಿನದಾದರೆ ತಾಮ್ರ ಅದಕ್ಕೇ ಹತ್ತಿ ಪ್ರಯೋಗ ಕೆಡುತ್ತದೆ. ಸ್ವಾಗತ, ಸನ್ಮಾನ ಎಂದು ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಸುಣ್ಣ ತಳಕ್ಕೆ ಕೂರುತ್ತದೆ ಎನ್ನುವುದೂ ನೆನಪಿರಲಿ. ಕತ್ತಿ ಅದ್ದುವ ಮೊದಲು ಮತ್ತೆ ತಿರುವಬೇಕು.

## ಕೊನೆಗೌಡರ ಮುಂದೆ: ಪ್ರಶ್ನೆ, ನಿಜವಾಗಿಯೂ ಕೇಳುವಂಥದ್ದು

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರನ್ನು ನಮ್ಮಲ್ಲಿ ಕೊನೆಗೌಡ ಎನ್ನುತ್ತಾರೆ. ಮದ್ದು ಹೊಡೆಯುವವರೂ ಹೆಚ್ಚಾಗಿ ಇವರೇ. ಈಗ ನೆಲದ ಮೇಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಹೊಡೆಯುವವರೂ ಇದ್ದಾರೆ. ಇವರಿಗೂ ಕೆಲಸ ಚೆನ್ನಾಗಿ ಗೊತ್ತು. ಅಂದ ಮೇಲೆ ಬೆಳೆಗಾರರಿಗೆ ಹೊಂದಿದ ದಿಟ್ಟ ಮಾತೇ ಇಲ್ಲೂ ನಡೆಯಬೇಕಲ್ವಾ?

ಇಲ್ಲ. ವ್ಯತ್ಯಾಸ ಎಲ್ಲಿದೆ ಎಂದರೆ, ಇವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಇಪ್ಪತ್ತು, ಮೂವತ್ತು ಅಡಿ ಮೇಲೆ ಕೊನೆಯ ಸುತ್ತ ಗಾಳಿ ಹೇಗೆ ಆಡುತ್ತದೆ, ಯಾವ ಬದಿಗೆ ಮದ್ದು ತಾಗುವುದಿಲ್ಲ ಎಂದು ಕೆಳಗೆ ನಿಂತು ಭಾಷಣ ಮಾಡುವವರಿಗೆ ತಿಳಿದಿರುವುದಿಲ್ಲ. ಅವರ ಮೇಲೆ ಯಾರಾದರೂ ಬಂದು ತೀರ್ಪಿನಂಥ ಮಾತು ಹೇಳುವುದು ದಿನವೂ ಇದ್ದದ್ದೇ. ಕೇಳುವವರು ಕಡಿಮೆ.

ಹಾಗಾಗಿ ಇಲ್ಲಿ ಪ್ರಶ್ನೆ. ಉತ್ತರ ನಿಮಗೂ ಬೇಕಾಗಿರುವ ಪ್ರಶ್ನೆಯಾಗಬೇಕು, ಪರೀಕ್ಷೆಯಾಗಬಾರದು. "ಗೌಡ್ರೇ, ಮದ್ದು ಹೊಡೆದ ಮೇಲೆ ಕಾಯಿ ಸುಟ್ಟ ಹಾಗೆ ಆದದ್ದು ಯಾವತ್ತಾದರೂ ಕಣ್ಣಿಗೆ ಬಿದ್ದಿದ್ಯಾ? ಎಂಥ ತೋಟದಲ್ಲಿ?"

ಒಬ್ಬರು ಹೇಳಲು ಶುರು ಮಾಡಿದರೆ ಇನ್ನೊಬ್ಬರು ಸೇರಿಸುತ್ತಾರೆ. ಹಲವು ತೋಟ ನೋಡಿದವರು ಇವರು, ತೋಟದ ಯಜಮಾನರು ನೋಡಿದ್ದು ತಮ್ಮದೊಂದೇ. ಮಾತು ಸುಟ್ಟ ಕಲೆಗೆ ಬಂತೆಂದರೆ ಕತ್ತಿಯ ಕಡೆಗೆ ಒಂದೇ ಹೆಜ್ಜೆ: "ಅದು ಹತ್ತುವ ಮೊದಲೇ ಗೊತ್ತಾಗುವ ಹಾಗಿದ್ದರೆ?"

ಈ ಬಗೆಯ ಪ್ರಶ್ನೆಗೆ ಒಂದು ಅಪಾಯವಿದೆ. ನೀವು ಎಣಿಸದ ಉತ್ತರ ಬರಬಹುದು. "ಸುಟ್ಟದ್ದು ನೋಡಿಲ್ಲ, ಆದರೆ ಮದ್ದು ಕಟ್ಟಿಕೊಂಡು ನಾಜಲ್ ಮುಚ್ಚಿಹೋಗುತ್ತದೆ, ಅದಕ್ಕೇನು ಮಾಡುವುದು?" ಎಂದರೆ? ಆಗ ನಾಜಲ್ ಬಗ್ಗೆಯೇ ಮೊದಲು ಮಾತಾಡಬೇಕು, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸುವ ವಿಚಾರ ಹೇಳಬೇಕು. ನಿಜವಾದ ಪ್ರಶ್ನೆ ಕೇಳಿ, ಬಂದ ಉತ್ತರ ಬದಿಗಿಟ್ಟು, ಬರೆದುಕೊಂಡು ಬಂದ ಭಾಷಣವನ್ನೇ ಓದಿದರೆ ಮುಂದಿನ ವರ್ಷ ನಿಮ್ಮ ಯಾವ ಪ್ರಶ್ನೆಗೂ ಯಾರೂ ಉತ್ತರಿಸುವುದಿಲ್ಲ. ಭಾಷಣ ಬದಲಿಸಲು ಮನಸ್ಸಿಲ್ಲದವರು ಪ್ರಶ್ನೆಯಿಂದ ಶುರು ಮಾಡದಿರುವುದೇ ವಾಸಿ.

"ಹೌದು", "ಇಲ್ಲ" ಎಂದು ಮುಗಿಯುವ ಪ್ರಶ್ನೆಗಳೂ ಬೇಡ. "ನಿಮಗೆ ಒಳ್ಳೇ ಫಸಲು ಬೇಕಾ?" ಎಂದರೆ ಹೌದು ಎನ್ನದವರು ಯಾರಿದ್ದಾರೆ? ಯೋಚಿಸುವ ಕೆಲಸವೇ ಇಲ್ಲ. "ನಿಮ್ಮ ಹತ್ತಿರ ಪಿಎಚ್ ಮೀಟರ್ ಇದೆಯೇ?" ಎಂದರೆ ಇಲ್ಲ ಎನ್ನುತ್ತಾರೆ, ಇಲ್ಲ ಎಂದವರಿಗೆ ಮುಂದಿನ ಮಾತು ತಮಗಲ್ಲ ಎನಿಸುತ್ತದೆ.

## ಕಾರವಾರದ ಕಾಲೇಜಿನಲ್ಲಿ: ಕಥೆ, ಗಂಟು ಬಿಚ್ಚುವ ಮೊದಲು ನಿಲ್ಲಿಸಿದ್ದು

ಈಗ ಘಟ್ಟ ಇಳಿಯೋಣ. ಕಾರವಾರದಲ್ಲಿ ಬಿಎಸ್ಸಿ ಓದುವ ಮಕ್ಕಳಿಗೆ ಇದೇ ವಿಷಯ ಹೇಳಬೇಕು. ಕೆಲವರು ಬೈತಖೋಲ ಬಂದರಿನ ಕಡೆಯವರು, ಕೆಲವರ ಮನೆಯವರು ಕೈಗಾದಲ್ಲೋ ನೌಕಾನೆಲೆಯಲ್ಲೋ ಕೆಲಸ ಮಾಡುವವರು. ಅಡಿಕೆ ತೋಟಕ್ಕೂ ಅವರಿಗೂ ನಂಟು ಕಡಿಮೆ. ವಿರೋಧವೂ ಇಲ್ಲ, ಆಸಕ್ತಿಯೂ ಇಲ್ಲ.

"ಬೋರ್ಡೋ ದ್ರಾವಣ ಹುಳಿಯಾದರೆ ಏನಾಗುತ್ತದೆ?" ಎಂಬ ಪ್ರಶ್ನೆ ಇಲ್ಲಿ ನಾಟುವುದಿಲ್ಲ. ದ್ರಾವಣವೇ ಗೊತ್ತಿಲ್ಲದ ಮೇಲೆ ಹುಳಿಯಾದರೇನು, ಸಿಹಿಯಾದರೇನು! ದಿಟ್ಟ ಮಾತನ್ನು ತೂಗಲೂ ಅವರ ಹತ್ತಿರ ಏನಿಲ್ಲ. ಮೊದಲು ವಿಷಯದ ಒಳಗೆ ಕರೆದುಕೊಂಡು ಬರಬೇಕು. ಆ ಕೆಲಸ ಕಥೆಗೆ ಚೆನ್ನಾಗಿ ಬರುತ್ತದೆ. ಕಥೆ ಕೇಳಲು ಮೊದಲೇ ಏನೂ ಗೊತ್ತಿರಬೇಕಿಲ್ಲ, ಬೇಕಾದ್ದನ್ನು ಅದೇ ಹೊತ್ತು ತರುತ್ತದೆ.

ಈ ದ್ರಾವಣಕ್ಕೆ ನಿಜವಾದ ಕಥೆಯೊಂದಿದೆ. ಹೀಗೆ ಹೇಳಬಹುದು:

"1882. ಫ್ರಾನ್ಸಿನ ಬೋರ್ಡೋ ಸೀಮೆ. ದ್ರಾಕ್ಷಿ ತೋಟಗಳಿಗೆ ಬೂಷ್ಟು ರೋಗ ಬಂದು ಎಲೆಗಳೆಲ್ಲ ಉದುರಿವೆ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ತೋಟದ ಪಕ್ಕದ ದಾರಿಯಲ್ಲಿ ಹೋಗುತ್ತಿದ್ದಾರೆ. ದಾರಿಯ ಅಂಚಿನ ಬಳ್ಳಿಗಳಲ್ಲಿ ಮಾತ್ರ ಎಲೆ ಹಾಗೇ ಇದೆ. ಎಲೆಗಳ ಮೇಲೆ ನೀಲಿ ಬಣ್ಣದ ಏನೋ ಮೆತ್ತಿದೆ."

ಇಲ್ಲಿ ನಿಲ್ಲಿಸಬೇಕು. ಏನದು, ಯಾರು ಮೆತ್ತಿದರು, ಅಂಚಿನ ಬಳ್ಳಿಗೆ ಮಾತ್ರ ಯಾಕೆ? ಪ್ರಶ್ನೆ ನೀವು ಕೇಳದೆಯೇ ಅವರಲ್ಲಿ ಹುಟ್ಟುತ್ತದೆ. ಉತ್ತರ ಆಮೇಲೆ: ದಾರಿಹೋಕರು ಹಣ್ಣು ಕದಿಯಬಾರದೆಂದು, ವಿಷದ ಹಾಗೆ ಕಾಣಲಿ ಎಂದು, ತೋಟದವರೇ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚಿದ್ದರು. ಕಳ್ಳರಿಗೆ ಹಾಕಿದ್ದು ರೋಗವನ್ನೂ ತಡೆದಿತ್ತು. ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಇದನ್ನು ಪ್ರಕಟಿಸಿದರು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು, ಇದೇ ದ್ರಾವಣ ಅಡಿಕೆ ಕೊನೆಗೂ ಬಂತು. ಅದಕ್ಕೂ ಮೊದಲು ನಮ್ಮ ಕಡೆ ಕೊನೆಗೆ ಮಳೆ ತಾಗದಂತೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು.

ಇದೇ ಕಥೆಯನ್ನು ಕೆಡಿಸುವುದೂ ಸುಲಭ. "ಮಿಲಾರ್ಡೆ 1838ರಲ್ಲಿ ಹುಟ್ಟಿದರು, ಪ್ರಾಧ್ಯಾಪಕರಾಗಿದ್ದರು" ಎಂದು ಜಾತಕದಿಂದ ಶುರು ಮಾಡಿದರೆ ಆಯಿತು, ಮಕ್ಕಳು ಕಿಟಕಿ ಕಡೆ ನೋಡುತ್ತಾರೆ. ಕಥೆ ಶುರುವಾಗಬೇಕಾದ್ದು ಏನೋ ವಿಚಿತ್ರ ಕಣ್ಣಿಗೆ ಬಿದ್ದ ಕ್ಷಣದಲ್ಲಿ.

ಎರಡನೇ ತಪ್ಪು ಕಂಡುಹಿಡಿಯುವುದು ಕಷ್ಟ. ಕಥೆಯಲ್ಲಿ ಬಿದ್ದ ಗಂಟನ್ನು ನಿಮ್ಮ ಸಂದೇಶವೇ ಬಿಚ್ಚಬೇಕು. ಮಿಲಾರ್ಡೆ ಕಥೆಯ ಗಂಟು "ನೀಲಿ ಬಣ್ಣ ಏನು?" ಎಂಬುದು. ಅದು ಬಿಚ್ಚುವುದು "ತಾಮ್ರ, ಸುಣ್ಣ ರೋಗ ತಡೆಯುತ್ತವೆ" ಎಂಬಲ್ಲಿ. ಕತ್ತಿ ಅದ್ದುವ ವಿಷಯಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ! ಕಾಲೇಜಿನಲ್ಲಿ ಇದು ನಡೆಯುತ್ತದೆ, ಅಲ್ಲಿ ಮೊದಲು ಹೇಳಬೇಕಾದ್ದೇ ದ್ರಾವಣ ಅಂದರೇನು ಎಂದು. "ಹಾಗಾದರೆ ಸುಣ್ಣ ಯಾಕೆ ಬೇಕು, ತಾಮ್ರವೊಂದೇ ಸಾಲದೇ?" ಎಂದು ಅಲ್ಲಿಂದ ಕತ್ತಿಗೆ ದಾಟಬಹುದು. ಅದೇ ಕಥೆಯನ್ನು ಶಿರಸಿಯ ಬೆಳೆಗಾರರಿಗೆ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಕತ್ತಿ ಮಾತ್ರ ಯಾರ ತಲೆಯಲ್ಲೂ ಉಳಿಯುವುದಿಲ್ಲ.

## ಒಪ್ಪದವರಿಗೂ ಕಥೆ ಯಾಕೆ?

ಕಥೆಗೆ ಇನ್ನೊಂದು ಗುಣವಿದೆ. ಮೆಲನಿ ಗ್ರೀನ್ ಮತ್ತು ಟಿಮೊತಿ ಬ್ರಾಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ನೋಡಿದ್ದಾರೆ. ಕಥೆಯೊಳಗೆ ಮುಳುಗಿದವರು ಅದರಲ್ಲಿ ಹುಳುಕು ಹುಡುಕುವುದು ಕಡಿಮೆ, ಕಥೆಯ ಜೊತೆಗೆ ಬರುವ ಅಭಿಪ್ರಾಯದ ಕಡೆಗೆ ವಾಲುವುದು ಜಾಸ್ತಿ.

"ನಮ್ಮ ಅಜ್ಜ ಯಾವ ಕತ್ತಿಯನ್ನೂ ಅದ್ದಿಲ್ಲ" ಎನ್ನುವವರಿಗೆ ದಿಟ್ಟ ಮಾತು ಹೇಳಿದರೆ ಜಗಳ. ಅವರ ಹಾಗೇ ಇರುವ ಬೆಳೆಗಾರರೊಬ್ಬರು ಎದ್ದು, ಮದ್ದು ಹೊಡೆದು ಎರಡು ದಿನಕ್ಕೆ ಎಳೆ ಕಾಯಿ ಮೇಲೆ ಕಲೆ ಕಂಡದ್ದು, ರೋಗವೋ ಏನೋ ಎಂದು ಗಾಬರಿಯಾದದ್ದು, ಕೊನೆಗೆ ಸುಣ್ಣದ ಚೀಲ ಬಿಚ್ಚಿ ನೋಡಿದ್ದು, ಇದನ್ನು ಹೇಳಿದರೆ ಅವರೂ ಕೇಳುತ್ತಾರೆ. ಇಲ್ಲಿ ಗಂಟು ಬಿಚ್ಚುವುದು ಕತ್ತಿಯೇ. ಆದರೆ ಆ ಘಟನೆ ನಡೆದದ್ದಾಗಿರಬೇಕು, ನಡೆದವರೇ ಹೇಳಬೇಕು. ಕಟ್ಟಿದ ಕಥೆಯಾದರೆ ಶಿರಸಿಯಂಥ ಊರಿನಲ್ಲಿ "ಯಾವ ಊರು, ಯಾರ ತೋಟ?" ಎಂದು ಎರಡನೇ ವಾಕ್ಯಕ್ಕೇ ಕೇಳುತ್ತಾರೆ.

## ರೀಲ್ಸ್: ಕಣ್ಣಿಗೆ ಕಾಣುವ ದಿಟ್ಟ ಮಾತು

ಫೋನಿನಲ್ಲಿ ನೋಡುವವರು ಯಾರು ಎಂದೇ ನಿಮಗೆ ಗೊತ್ತಿಲ್ಲ. ಸಭೆಯಲ್ಲಿ ಎದ್ದು ಹೋಗಲು ಸಂಕೋಚ ಇರುತ್ತದೆ, ಇಲ್ಲಿ ಹೆಬ್ಬೆರಳು ಆಡಿಸಿದರೆ ಮುಗಿಯಿತು. ಕಥೆ ಕಟ್ಟಲು ಸಮಯವಿಲ್ಲ. "ನಮಸ್ಕಾರ ಎಲ್ಲರಿಗೂ, ಇವತ್ತು ನಾವು..." ಎನ್ನುವಷ್ಟರಲ್ಲಿ ನೋಡುಗರು ಮುಂದಿನ ವಿಡಿಯೋಗೆ ಹೋಗಿರುತ್ತಾರೆ.

ಇಲ್ಲಿ ಪುರಾವೆಯನ್ನೇ ಮೊದಲು ತೋರಿಸುವುದು ಹೆಚ್ಚು ಹೊಂದುತ್ತದೆ. ನೀಲಿ ದ್ರಾವಣದಿಂದ ಕೆಂಪಾದ ಕತ್ತಿ ಮೇಲೇಳುತ್ತದೆ. ಜೊತೆಗೆ ಒಂದೇ ವಾಕ್ಯ: "ಕತ್ತಿ ಹೀಗೆ ಕೆಂಪಾದರೆ ಮದ್ದು ಹೊಡೆಯಬೇಡಿ." ತೋಟದವರಿಗೆ ಇದು ನೇರ ಮಾತು. ತೋಟ ಇಲ್ಲದವರಿಗೂ ನೀಲಿ ನೀರಿನಿಂದ ಕೆಂಪು ಕತ್ತಿ ಬಂದದ್ದು ವಿಚಿತ್ರವೇ.

## ಹುಕ್ ಬೇಡವೇ ಬೇಡ ಎನ್ನುವ ಜಾಗ

ಕೆಲವು ಕಡೆ ಮೂರೂ ತಪ್ಪು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಅಂಥ ದಿನಗಳಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಎಚ್ಚರಿಕೆ ಹಾಕುವವರು "ಇಂದು ಅಂಕೋಲಾ ಕಡೆ ಹೋಗುವವರಿದ್ದೀರಾ?" ಎಂದು ಶುರು ಮಾಡಬಾರದು. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ ಬಂದ್, ಬದಲಿ ದಾರಿ ಯಾವುದು, ಇದೇ ಮೊದಲ ಸಾಲು. ಕೇಳುವವರಿಗೆ ಆಗಲೇ ಬೇಕಾಗಿರುವ ಸುದ್ದಿಗೆ ಕುತೂಹಲ ಹುಟ್ಟಿಸುವ ಅಗತ್ಯವಿಲ್ಲ. ಹುಟ್ಟಿಸಲು ಹೋದರೆ ಅಷ್ಟು ಹೊತ್ತು ಸುದ್ದಿ ತಡವಾಗುತ್ತದೆ.

ಬ್ಯಾಂಕಿನವರು, ಇಲಾಖೆಯ ಮೇಲಧಿಕಾರಿಗಳ ಮುಂದೆ ಐದು ನಿಮಿಷ ಸಿಕ್ಕಾಗಲೂ ಹೀಗೇ. ಏನು ಬೇಕು, ಎಷ್ಟು ಬೇಕು, ಯಾಕೆ ಬೇಕು. ಕಳ್ಳರು, ದ್ರಾಕ್ಷಿ ಎಲ್ಲ ಚಹಾದ ಹೊತ್ತಿಗೆ.

## ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲೇ ಪರೀಕ್ಷಿಸಲು ಸುಲಭ ದಾರಿ ಇದೆ. ಯಾರಿಗೆ ಹೇಳಬೇಕೋ ಅವರಂಥವರೇ ಒಬ್ಬರ ಮುಂದೆ ಮೊದಲ ಎರಡು ವಾಕ್ಯ ಹೇಳಿ ಸುಮ್ಮನಾಗಿ. ಅವರು ಏನು ಕೇಳುತ್ತಾರೆ ನೋಡಿ. ಅವರು ಕೇಳಿದ್ದಕ್ಕೆ ನಿಮ್ಮ ಮೂರನೇ ವಾಕ್ಯದಲ್ಲಿ ಉತ್ತರ ಇದ್ದರೆ ಹುಕ್ ಸರಿ ಇದೆ. ಬೇರೇನೋ ಕೇಳಿದರೆ ಹುಕ್ ಬೇರೆ ಕಡೆಗೆ ಎಳೆಯುತ್ತಿದೆ. "ಹೌದು, ಅದಕ್ಕೇನು?" ಎಂದರೆ ಅವರಿಗೆ ಮೊದಲೇ ಗೊತ್ತಿರುವುದನ್ನು ಹೇಳಿದ್ದೀರಿ. ಮನೆಯವರ ಮುಂದೆ ಈ ಪರೀಕ್ಷೆ ನಡೆಯುವುದಿಲ್ಲ, ಅವರು ಸುಮ್ನೆ ಚೆನ್ನಾಗಿದೆ ಎಂದುಬಿಡುತ್ತಾರೆ.

ಸಭೆಯಲ್ಲಿ ಆಮೇಲೆ ಬರುವ ಮಾತು ಕೇಳಿಸಿಕೊಳ್ಳಿ. ಸುಣ್ಣದ ಬಗ್ಗೆ ವಾದ ಎದ್ದರೆ ಒಳ್ಳೆಯದು. ನಿಮ್ಮ ಬಗ್ಗೆ, ನಿಮಗೆಷ್ಟು ತೋಟವಿದೆ ಎಂಬುದರ ಬಗ್ಗೆ ವಾದ ಎದ್ದರೆ ದಿಟ್ಟ ಮಾತು ಮನುಷ್ಯರಿಗೆ ತಾಗಿದೆ. ಕಥೆ ಚೆನ್ನಾಗಿತ್ತು ಎಂದು ಹೇಳಿ ಕತ್ತಿ ವಿಷಯ ಎತ್ತದಿದ್ದರೆ ಗಂಟು ತಪ್ಪು ಜಾಗದಲ್ಲಿ ಬಿದ್ದಿದೆ.

ವಿಡಿಯೋ ಮಾಡುವವರಿಗೆ ಯೂಟ್ಯೂಬ್ ಒಂದು ಗೆರೆ ತೋರಿಸುತ್ತದೆ, ಯಾವ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದಾರೆ ಎಂದು. ಗೆರೆ ಶುರುವಿನಲ್ಲೇ ಕಡಿದು ಬಿದ್ದರೆ ಹುಕ್ ಹಿಡಿದಿಲ್ಲ. ಶುರುವಿನಲ್ಲಿ ನಿಂತು, ನೀವು ಪುರಾವೆಗೆ ಬರುವ ಜಾಗದಲ್ಲಿ ಬಿದ್ದರೆ ಹುಕ್ ಹಿಡಿದಿದೆ, ಮಾತು ಮಾತ್ರ ಪುರಾವೆಗಿಂತ ದೊಡ್ಡದಾಗಿದೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಹುಕ್ ಬದಲಿಸಬೇಕು, ಎರಡನೆಯದಕ್ಕೆ ತಗ್ಗಿಸಬೇಕು.

## ಎಲ್ಲರೂ ಒಂದೇ ಕಡೆ ಕೂತಾಗ

ಊರಿನ ದೇವಸ್ಥಾನದ ಸಭಾಭವನದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಎಲ್ಲರೂ ಬರುತ್ತಾರೆ. ಬೆಳೆಗಾರರು, ಕೊನೆಗೌಡರು, ಹೈಸ್ಕೂಲ್ ಮಕ್ಕಳು, ರಜೆಗೆ ಬಂದ ಬೆಂಗಳೂರಿನವರು. ಯಾರನ್ನು ಹಿಡಿಯುವುದು?

ಇಲ್ಲಿ ಸರಾಸರಿ ಹುಡುಕಿದರೆ ಯಾರಿಗೂ ಆಗುವುದಿಲ್ಲ. ನಿಮ್ಮ ಮಾತಿನಂತೆ ನಡೆಯಬೇಕಾದವರು ಯಾರು ಎಂದು ನೋಡಿ, ಹುಕ್ ಅವರಿಗೆ ಹಾಕುವುದು ಮೇಲು. ನಾಳೆ ಸುಣ್ಣ ಕಲಸುವವರು ಬೆಳೆಗಾರರು ಮತ್ತು ಕೊನೆಗೌಡರು. ಮಕ್ಕಳಿಗೂ ಊರಿಗೆ ಬಂದವರಿಗೂ ಅರ್ಥವಾದರೆ ಒಳ್ಳೆಯದೇ, ಆದರೆ ಕೆಲಸ ಅವರದ್ದಲ್ಲ. ಹಾಗಾಗಿ ಕಾಯಿ ಸುಟ್ಟ ಅನುಭವ ಇರುವ ಬೆಳೆಗಾರರಿಂದಲೇ ನಾಲ್ಕೈದು ವಾಕ್ಯದಲ್ಲಿ ಅದನ್ನು ಹೇಳಿಸಬೇಕು. ಇದು ಎಲ್ಲರಿಗೂ ಅರ್ಥವಾಗುತ್ತದೆ. ಸುಣ್ಣದ ಚೀಲ ಬಿಚ್ಚಿದಲ್ಲಿಗೆ ಅವರು ನಿಲ್ಲಿಸಿದ ಕೂಡಲೇ ಬಕೆಟ್ಟು, ಕತ್ತಿ ಎದುರಿಗೆ ಬರಬೇಕು. ಕತ್ತಿ ಅದ್ದುವ ಕೆಲಸವನ್ನು ಭಾಷಣ ಮಾಡುವವರು ಮಾಡುವುದಕ್ಕಿಂತ ಮುಂದಿನ ಸಾಲಿನಲ್ಲಿ ಕೂತ ಕೊನೆಗೌಡರೊಬ್ಬರ ಕೈಯಲ್ಲಿ ಮಾಡಿಸಿದರೆ ಅವರನ್ನು ಬೇರೆ ಪ್ರಶ್ನೆ ಕೇಳಿ ಮಾತಿಗೆ ಎಳೆಯುವ ಅಗತ್ಯ ಬೀಳುವುದಿಲ್ಲ. ಮಿಲಾರ್ಡೆಯ ಕಥೆ ಊಟದ ಪಂಕ್ತಿಯಲ್ಲಿ ಮಕ್ಕಳಿಗೆ ಹೇಳಬಹುದು.